30 ಸಾವಿರ ಇಟ್ಟಿಗೆ ಆರ್ಡರ್ ಮಾಡೋ ಮುಂಚೆ: ನಮ್ಮ ಲೆಕ್ಕದಲ್ಲಿ ನೀರು ಹೀರಿಕೆ 10%, ಮಾರುವವರ ವರದಿಯಲ್ಲಿ 16%. ಯಾವುದು ಸರಿ?

ಹೊಸಮನೆ_ಕೆಲಸ
ಎರಡು ಅಂತಸ್ತಿನ ಮನೆ, ಪಿಲ್ಲರ್ ಇಲ್ಲ, ಗೋಡೆಯೇ ಭಾರ ಹೊರಬೇಕು. 230 × 110 × 70 ಮಿ.ಮೀ. ಸುಟ್ಟ ಮಣ್ಣಿನ ಇಟ್ಟಿಗೆ, 30 ಸಾವಿರ ಬೇಕು. ಗೂಡಿನವರು ಲ್ಯಾಬ್ ವರದಿ ಕೊಟ್ಟಿದ್ದಾರೆ: 7.5 ದರ್ಜೆ, ಸರಾಸರಿ ಒತ್ತಡ ಸಾಮರ್ಥ್ಯ 7.6, ನೀರು ಹೀರಿಕೆ 16%.

ನಾನೂ ಒಂದು ಪರೀಕ್ಷೆ ಮಾಡಿ ನೋಡಿದೆ. ರಾಶಿಯ ಅಂಚಿಂದ ಐದು ಇಟ್ಟಿಗೆ ತಂದು, ಎರಡು ದಿನ ಬಿಸಿಲಿಗಿಟ್ಟು ತೂಗಿದೆ. ಒಂದಕ್ಕೆ ಸುಮಾರು 3.10 ಕೆ.ಜಿ. ಬಂತು. ಡ್ರಮ್ಮಿನಲ್ಲಿ 24 ಗಂಟೆ ಮುಳುಗಿಸಿ ತೆಗೆದು ತೂಗಿದಾಗ 3.42 ಕೆ.ಜಿ. ಅಂದ್ರೆ ಹೀರಿಕೆ ಬರೀ 10.3%. ಇಟ್ಟಿಗೆ ವರದಿಗಿಂತಲೂ ಚೆನ್ನಾಗಿದೆ ಅಂತ ಆಯ್ತಲ್ಲ? ಹಾಗಿದ್ರೆ ಒತ್ತಡದ ಪರೀಕ್ಷೆಯನ್ನ ಮತ್ತೆ ಲ್ಯಾಬಿಗೆ ಕಳಿಸೋದು ಬಿಡಬಹುದಾ?

ಗಟ್ಟಿಗೋಡೆ
ಬಿಡಬಹುದು. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ ನೋಡಿ. ಕಂಚಿನ ಪಾತ್ರೆ ಥರ ಠಣ್ ಅಂದ್ರೆ ಚೆನ್ನಾಗಿ ಬೆಂದಿದೆ. ಉಗುರಲ್ಲಿ ಗೀರಿದ್ರೆ ಗೆರೆ ಬೀಳಬಾರದು. ಎದೆ ಎತ್ತರದಿಂದ ನೆಲಕ್ಕೆ ಬಿಟ್ರೆ ಒಡೀಬಾರದು. ಇಷ್ಟು ಸಾಕು, ಹಿಂದಿನವರು ಲ್ಯಾಬ್ ನೋಡಿ ಮನೆ ಕಟ್ಟಿದ್ರಾ?

ಪರೀಕ್ಷಾಲಯ_ಮೇಜು
ಬಿಡಬೇಡಿ ಸರ್. ನಿಮ್ಮ 10.3% ಒಳ್ಳೆ ಇಟ್ಟಿಗೆಯ ಲಕ್ಷಣ ಅಲ್ಲ, ಒದ್ದೆ ಇಟ್ಟಿಗೆಯ ಲಕ್ಷಣ.

ಈ ಲೆಕ್ಕಕ್ಕೆ ಬೇಕಾದ ಒಣತೂಕ ಬಿಸಿಲಲ್ಲಿ ಸಿಗುವಂಥದ್ದಲ್ಲ. ಐಎಸ್ 3495ರ ಎರಡನೇ ಭಾಗ ಹೇಳೋದು 105ರಿಂದ 115 ಡಿಗ್ರಿ ಒಲೆಯಲ್ಲಿ, ತೂಕ ಇನ್ನು ಇಳಿಯೋದಿಲ್ಲ ಅನ್ನೋವರೆಗೆ ಒಣಗಿಸಬೇಕು ಅಂತ. ಇಟ್ಟಿಗೆಯ ಹೊರಮೈ ಬಿಸಿಲಿಗೆ ಬೇಗ ಆರುತ್ತೆ, ಬಣ್ಣ ಕೂಡ ತಿಳಿಯಾಗುತ್ತೆ, ಆದ್ರೆ ಹೊಟ್ಟೆಯೊಳಗಿನ ನೀರು ಎರಡು ದಿನಕ್ಕೆ ಹೊರಗೆ ಬರೋದಿಲ್ಲ. ರಾಶಿಯ ಅಂಚಿನ ಇಟ್ಟಿಗೆ ಮಳೆಗೋ ಮಂಜಿಗೋ ನೆನೆದಿದ್ರಂತೂ ಮುಗೀತು.

ನಿಮ್ಮ ಅಂಕಿಯನ್ನೇ ತಗೊಳ್ಳಿ. ಒಳಗೆ 150 ಗ್ರಾಂ ನೀರು ಉಳಿದಿತ್ತು ಅಂದ್ಕೊಳ್ಳಿ. ಆಗ ನಿಜವಾದ ಒಣತೂಕ 2.95 ಕೆ.ಜಿ. ನೆನೆದ ತೂಕ ಅದೇ 3.42. ಹೀರಿದ ನೀರು 0.47 ಕೆ.ಜಿ., 2.95ರಿಂದ ಭಾಗಿಸಿದ್ರೆ 15.9%. ವರದಿಯ 16%ಗೆ ಎಷ್ಟು ಹತ್ತಿರ ಬಂತು ನೋಡಿ. ಹೀರಿಕೆ ವಿಷಯದಲ್ಲಿ ವರದಿ ಸರಿ, ತಪ್ಪಿದ್ದು ನಿಮ್ಮ ಒಣಗಿಸುವಿಕೆ ಅಂತ ನನ್ನ ಅಂದಾಜು.

ಹೊಸಮನೆ_ಕೆಲಸ
ಓ. ಹೋದ ವಾರ ಮಳೆ ಬಂದಿತ್ತು, ನಿಜ. ಮನೆಯಲ್ಲಿ ಬೇಕಿಂಗ್ ಓವನ್ ಇದೆ, ಅದ್ರಲ್ಲಿ ಆಗುತ್ತಾ?

ಪರೀಕ್ಷಾಲಯ_ಮೇಜು
ಆಗುತ್ತೆ, ಮೈಕ್ರೋವೇವ್ ಅಲ್ಲದಿದ್ರೆ. 110ಕ್ಕೆ ಇಟ್ಟು ಇಡೀ ದಿನ ಬಿಡಿ. ತೂಗಿ, ಮತ್ತೆ ಮೂರ್ನಾಲ್ಕು ಗಂಟೆ ಇಟ್ಟು ಮತ್ತೆ ತೂಗಿ. ಎರಡೂ ತೂಕ ಒಂದೇ ಬಂದ್ರೆ ಒಣಗಿದೆ ಅಂತ ಅರ್ಥ. ಕೊನೆಯ ತೂಕ ತಗೊಳ್ಳುವಾಗ ಮಾತ್ರ ಇಟ್ಟಿಗೆ ಪೂರ್ತಿ ಆರಿರಬೇಕು, ಕೈಗೆ ಬೆಚ್ಚಗೆ ತಾಗುವ ಇಟ್ಟಿಗೆಯನ್ನ ನೀರಿಗೂ ಇಳಿಸಬಾರದು.

ತಕ್ಕಡಿ ಯಾವುದು? ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. 50 ಗ್ರಾಂ ಗೆರೆಯ ಸ್ಪ್ರಿಂಗ್ ತಕ್ಕಡಿಯಾದ್ರೆ ಒಂದು ಗೆರೆ ತಪ್ಪಿ ಓದಿದ್ರೂ ಲೆಕ್ಕದಲ್ಲಿ ಒಂದೂವರೆ ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತೆ.

ತೇವದ_ಗೋಡೆ
ನಮ್ಮ ಗೋಡೆಯೂ ತುಂಬಾ ನೀರು ಹೀರುತ್ತೆ, ಪೇಂಟ್ ಉಬ್ಬಿ ಏಳ್ತಿದೆ. ಯಾವ ವಾಟರ್‌ಪ್ರೂಫ್ ಕೋಟಿಂಗ್ ಒಳ್ಳೇದು?

ಸೈಟ್_ಮೇಲ್ವಿಚಾರಕಿ
@ತೇವದ_ಗೋಡೆ ಇಲ್ಲಿ ಮಾತಾಡ್ತಿರೋದು ಕಟ್ಟೋ ಮುಂಚಿನ ಇಟ್ಟಿಗೆ ಪರೀಕ್ಷೆ. ನಿಮ್ಮದು ಬೇರೆ ಸಮಸ್ಯೆ. ತೇವ ನೆಲದಿಂದ ಮೇಲೇರ್ತಿದೆಯೋ, ಪೈಪ್ ಸೋರ್ತಿದೆಯೋ, ಹೊರಗೋಡೆ ಬಿರುಕಿಂದ ಬರ್ತಿದೆಯೋ ಮೊದಲು ಹುಡುಕಬೇಕು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಉತ್ತರಿಸ್ತೀನಿ.

ಮೂಲ ಪ್ರಶ್ನೆಗೆ ಒಂದು ಮಾತು. ಮನೆಯಲ್ಲಿ ಹೀರಿಕೆ ಅಳೆಯುವಾಗ ಆಗೋ ತಪ್ಪುಗಳು ಹೆಚ್ಚಿನವು ಮಾರುವವರ ಪರವಾಗಿಯೇ ಬೀಳ್ತವೆ. ಸರಿಯಾಗಿ ಒಣಗಿಸದಿದ್ರೆ ಅಂಕಿ ಕಮ್ಮಿ ಬರುತ್ತೆ. 24 ಗಂಟೆ ಬದಲು ರಾತ್ರಿ ಮಾತ್ರ ನೆನೆಸಿದ್ರೆ ಕಮ್ಮಿ. ನೀರಿಂದ ತೆಗೆದು ಫೋನಲ್ಲಿ ಮಾತಾಡ್ತಾ ಕೂತು ಆಮೇಲೆ ತೂಗಿದ್ರೂ ಕಮ್ಮಿ. ಮೂರು ನಿಮಿಷದೊಳಗೆ ತೂಗಿ ಮುಗಿಸಬೇಕು. ಒಣ ಟವೆಲ್ಲಲ್ಲಿ ಒತ್ತಿ ಒರೆಸಿದ್ರೆ ಅದೇ ನೀರು ಹೀರಿಕೊಂಡು ಬಿಡುತ್ತೆ, ಹಾಗಾಗಿ ಒದ್ದೆ ಬಟ್ಟೆ ಹಿಂಡಿ ಒರೆಸಬೇಕು.

ಇನ್ನೊಂದು ಯಾರೂ ಗಮನಿಸದ ತಪ್ಪು ಇದೆ. ಅರೆಬೆಂದ ಇಟ್ಟಿಗೆ ನೀರಲ್ಲಿ ಅಂಚು ಕರಗಿಸಿಕೊಳ್ಳುತ್ತೆ. ಮಣ್ಣು ಡ್ರಮ್ಮಿನ ತಳಕ್ಕೆ ಹೋದಷ್ಟೂ ನೆನೆದ ತೂಕ ಇಳಿಯುತ್ತೆ, ಹೀರಿಕೆ ಕಮ್ಮಿ ಅನ್ನಿಸುತ್ತೆ. ಅಂದ್ರೆ ಅತಿ ಕೆಟ್ಟ ಇಟ್ಟಿಗೆಗೆ ಲೆಕ್ಕದಲ್ಲಿ ಒಳ್ಳೆ ಅಂಕ ಸಿಕ್ಕಿಬಿಡಬಹುದು. ನೀರು ಕೆಂಪಾಗಿ ತಳದಲ್ಲಿ ಕೆಸರು ಕೂತಿದ್ರೆ ಆ ಶೇಕಡಾ ನೋಡಲೇಬೇಡಿ, ಇಟ್ಟಿಗೆ ನೋಡಿ.

ಗೂಡಿನ_ಮಂದಿ
ಮೇಡಂ ಹೇಳಿದ್ದು ಖರೇ ಐತ್ರಿ. ಆದ್ರ ನೀರು ಸ್ವಲ್ಪ ಕೆಂಪಾದ್ರ ಗಾಬರಿ ಬೀಳಬ್ಯಾಡ್ರಿ, ಮ್ಯಾಲಿನ ಧೂಳೂ ತೊಳದು ಹೋಗತೈತಿ. ಮುಳುಗಸೂದಕ್ಕಿಂತ ಮುಂಚೆ ಬ್ರಷ್ ಹೊಡೀರಿ, ಆಮ್ಯಾಲ ಒಣಗಸ್ರಿ. ಅಂಚು ಬೆರಳಿಗೆ ಉದುರಿದ್ರ ಮಾತ್ರ ಅರೆಬೆಂದದ್ದು.

ನೀರಿಂದ ತಗದ ಮ್ಯಾಲ ಒಗೀಬ್ಯಾಡ್ರಿ ಮತ್ತ. ನಾಲ್ಕೈದು ದಿನ ನೆರಳಿನಾಗ ಇಡ್ರಿ. ಮಣ್ಣಿನಾಗ ಸುಣ್ಣದ ಹರಳು ಇದ್ರ ಅದು ನೀರು ಕುಡದು ಉಬ್ಬಿ, ಮ್ಯಾಲಿನ ಚಕ್ಕಿ ಹಾರಿಸಿ, ಒಳಗ ಬಿಳಿ ಚುಕ್ಕಿ ತೋರಸತೈತಿ. ಇಂಥಾ ಇಟ್ಟಿಗಿ ಗ್ವಾಡಿಗೆ ಹಾಕಿದ್ರ ಪ್ಲಾಸ್ಟರ್ ಸಮೇತ ಹಾರತೈತಿ. ಶೇಕಡಾ ಲೆಕ್ಕದಾಗ ಇದು ಸಿಗಂಗಿಲ್ಲ.

ಗಟ್ಟಿಗೋಡೆ
ಇದಕ್ಕೇ ನಾನು ಶಬ್ದ ಕೇಳಿ ಅಂದಿದ್ದು. ಅರೆಬೆಂದದ್ದು ಠಣ್ ಅನ್ನಲ್ಲ.

ಪರೀಕ್ಷಾಲಯ_ಮೇಜು
ಶಬ್ದ ಕೆಟ್ಟ ಇಟ್ಟಿಗೆಯನ್ನ ಬೇರೆ ಮಾಡೋಕೆ ಒಳ್ಳೇದು, ಒಪ್ತೀನಿ. ಒಳಬಿರುಕು, ಅರೆಬೆಂದದ್ದು ಎರಡೂ ಬದ್ದ ಶಬ್ದ ಕೊಡ್ತವೆ. ಆದ್ರೆ ಒದ್ದೆ ಇಟ್ಟಿಗೆ ಚೆನ್ನಾಗಿದ್ರೂ ಬದ್ದ ಅನ್ನುತ್ತೆ. ಅದಕ್ಕಿಂತ ಮುಖ್ಯ, 5 ದರ್ಜೆಯ ಇಟ್ಟಿಗೆಯೂ ಠಣ್ ಅನ್ನುತ್ತೆ, 10 ದರ್ಜೆಯದ್ದೂ ಠಣ್ ಅನ್ನುತ್ತೆ. ಗೋಡೆಯೇ ಭಾರ ಹೊರುವ ಮನೆಗೆ ಇಂಜಿನಿಯರ್ 7.5 ಅಂತ ಲೆಕ್ಕ ಹಾಕಿದ್ರೆ, ಕಿವಿಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಹೊಸಮನೆ_ಕೆಲಸ
ವರದಿಯ ಎರಡನೇ ಪುಟದಲ್ಲಿ ಒಂದೊಂದು ಇಟ್ಟಿಗೆ ಒಡೆದ ಲೋಡ್ ಇದೆ, ಈಗ ನೋಡ್ದೆ. ಕಿಲೋನ್ಯೂಟನ್‌ನಲ್ಲಿ: 205, 192, 218, 138, 210. ಸರಾಸರಿ ಮಾತ್ರ ಮೊದಲ ಪುಟದಲ್ಲಿ ಹಾಕಿದ್ದಾರೆ.

ಪರೀಕ್ಷಾಲಯ_ಮೇಜು
ಇದೇ ಬೇಕಾಗಿದ್ದು. ಹಾಸುಮೈ 230 × 110, ಅಂದ್ರೆ 25,300 ಚದರ ಮಿ.ಮೀ. ಲೋಡನ್ನ ಅದರಿಂದ ಭಾಗಿಸಿ:

```
205000 / 25300 = 8.10
192000 / 25300 = 7.59
218000 / 25300 = 8.62
138000 / 25300 = 5.45
210000 / 25300 = 8.30
ಸರಾಸರಿ        = 7.61 N/mm²
```

ಸರಾಸರಿ 7.5 ದಾಟಿದೆ, ಹಾಗಾಗಿ ಮೊದಲ ಪುಟ ಸುಳ್ಳು ಹೇಳ್ತಿಲ್ಲ. ಆದ್ರೆ ಐಎಸ್ 1077ರಲ್ಲಿ ಇನ್ನೊಂದು ಷರತ್ತಿದೆ: ಯಾವ ಒಂದು ಇಟ್ಟಿಗೆಯೂ ದರ್ಜೆಯ ಕನಿಷ್ಠಕ್ಕಿಂತ ಶೇ. 20ಕ್ಕಿಂತ ಹೆಚ್ಚು ಕೆಳಗೆ ಹೋಗಬಾರದು. 7.5ಕ್ಕೆ ಆ ಗೆರೆ 6.0. ನಾಲ್ಕನೇ ಇಟ್ಟಿಗೆ 5.45. ಈ ವರದಿಯ ಪ್ರಕಾರವೇ ಈ ಇಟ್ಟಿಗೆ 7.5 ದರ್ಜೆಗೆ ಪಾಸಾಗಿಲ್ಲ. ಹೀರಿಕೆ 16% ಮಾತ್ರ ಸರಿಯಿದೆ, 12.5 ದರ್ಜೆವರೆಗೆ 20% ಮಿತಿ.

ಗೂಡಿನ_ಮಂದಿ
ತಡೀರಿ ಸಾಹೇಬ್ರ. ಐದರಾಗ ಒಂದು ಕಮ್ಮಿ ಬಂದ್ರ ಇಟ್ಟಿಗಿ ಕೆಟ್ಟದ್ದು ಅಂತ ಹೆಂಗ ಹೇಳ್ತೀರಿ? ಮಿಷನ್ನಿನಾಗ ಸೊಟ್ಟ ಇಟ್ಟಿದ್ರ ಒಳ್ಳೆ ಇಟ್ಟಿಗೀನೂ ಬೇಗ ಒಡೀತೈತಿ. ಮ್ಯಾಲಿನ ಗುಳಿ ತುಂಬಿದ್ರೋ ಇಲ್ಲೋ ಅದೂ ಗೊತ್ತಿಲ್ಲ. ಲ್ಯಾಬಿನಾಗ ಅವಸರದಾಗ ಒಡದ್ರ ನಷ್ಟ ನಮಗ.

ಸೈಟ್_ಮೇಲ್ವಿಚಾರಕಿ
ಇವರು ಹೇಳೋದ್ರಲ್ಲಿ ಹುರುಳಿದೆ. ಹೀರಿಕೆಯ ತಪ್ಪು ಮಾರುವವರ ಪರ ಬಿದ್ರೆ, ಒಡೆಯುವ ಪರೀಕ್ಷೆಯ ತಪ್ಪು ಕೊಳ್ಳುವವರ ಪರ ಬೀಳುತ್ತೆ. ಗುಳಿ ತುಂಬದೆ ಇಟ್ರೆ ಭಾರ ಅಂಚಿನ ಮೇಲಷ್ಟೇ ಕೂರುತ್ತೆ, ಬೇಗ ಒಡೆಯುತ್ತೆ. ಮೈ ಉಬ್ಬುತಗ್ಗಾಗಿದ್ರೂ ಅಷ್ಟೇ. ತಪ್ಪಾದಾಗೆಲ್ಲ ಅಂಕಿ ಕೆಳಗೇ ಹೋಗುತ್ತೆ.

ಪರೀಕ್ಷಾಲಯ_ಮೇಜು
ಎಲ್ಲಾ ತಪ್ಪೂ ಅಲ್ಲ ಮೇಡಂ. ಒಣ ಇಟ್ಟಿಗೆಯನ್ನೇ ಒಡೆದ್ರೆ ಅಂಕಿ ಮೇಲೆ ಹೋಗುತ್ತೆ, ಯಾಕಂದ್ರೆ ನೆನೆದ ಇಟ್ಟಿಗೆ ಒಣಗಿದ್ದಕ್ಕಿಂತ ದುರ್ಬಲ. ಲೋಡನ್ನ ವೇಗವಾಗಿ ಏರಿಸಿದ್ರೂ ಮೇಲೆ ಹೋಗುತ್ತೆ. ಗುಳಿಯನ್ನ ಗಾರೆಯಲ್ಲಿ ತುಂಬಿಸಿ, ಲೆಕ್ಕ ಮಾಡುವಾಗ ಮಾತ್ರ ಗುಳಿಯ ವಿಸ್ತೀರ್ಣ ಕಳೆದುಬಿಟ್ರೂ ಮೇಲೆ ಹೋಗುತ್ತೆ.

ಸರಿಯಾದ ಕ್ರಮ ಹೇಳಿಬಿಡ್ತೀನಿ, ಲ್ಯಾಬಿನವರನ್ನ ಕೇಳೋಕೆ ಸುಲಭ ಆಗುತ್ತೆ. ಮೊದಲು ಎರಡೂ ಹಾಸುಮೈ ಉಜ್ಜಿ ಸಮಾನಾಂತರ ಮಾಡ್ತಾರೆ. 24 ಗಂಟೆ ನೀರಲ್ಲಿ ಇಟ್ಟು ತೆಗೆದು, ಗುಳಿಗೆ ಒಂದಕ್ಕೊಂದು ಸಿಮೆಂಟ್-ಮರಳಿನ ಗಾರೆ ಮಟ್ಟಸವಾಗಿ ತುಂಬ್ತಾರೆ. ಒದ್ದೆ ಗೋಣಿಚೀಲದ ಕೆಳಗೆ ಒಂದು ದಿನ, ಆಮೇಲೆ ಶುದ್ಧ ನೀರಲ್ಲಿ ಮೂರು ದಿನ. ಕೊನೆಗೆ ಒರೆಸಿ, ಗಾರೆ ತುಂಬಿದ ಮೈ ಮೇಲೆ ಮಾಡಿ, ಮೇಲೂ ಕೆಳಗೂ 3 ಮಿ.ಮೀ. ಪ್ಲೈವುಡ್ ಹಾಳೆ ಇಟ್ಟು, ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್ ವೇಗದಲ್ಲಿ ಒತ್ತುತ್ತಾರೆ.

ಎಲ್ಲಾ ಕೂಡಿಸಿದ್ರೆ ಐದು ದಿನ. ಇವತ್ತು ಇಟ್ಟಿಗೆ ಕೊಟ್ಟು ನಾಳೆ ವರದಿ ಬಂದ್ರೆ ನಡುವೆ ಏನೋ ಬಿಟ್ಟಿದ್ದಾರೆ ಅಂತ ತಿಳ್ಕೊಳ್ಳಿ. ಮಿಷನ್ ಮುಂದೆ ನಿಂತು ನೋಡೋ ಅವಕಾಶ ಇದ್ರೆ ಗಡಿಯಾರ ನೋಡಿ. ನಿಮ್ಮ ಅಳತೆಯ ಇಟ್ಟಿಗೆಗೆ ಆ ವೇಗದಲ್ಲಿ 200 ಕಿಲೋನ್ಯೂಟನ್ ಮುಟ್ಟೋಕೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಐದಾರು ಸೆಕೆಂಡಿಗೆ ಪಟ್ ಅಂತ ಒಡೆದ್ರೆ ಆ ಅಂಕಿ ನಂಬಬೇಡಿ.

ಬೂದಿ_ಇಟ್ಟಿಗೆ
ನಮ್ಮದು ಸಿಮೆಂಟ್ ಹಾಕಿದ ಹಾರುಬೂದಿ ಇಟ್ಟಿಗೆ. ಹೀರಿಕೆ ಕಮ್ಮಿ ಇದೆ, ಆದ್ರೆ ಲ್ಯಾಬಲ್ಲಿ ಒತ್ತಡ 4 ಬಂತು, ಮಾರುವವರು ಹೇಳಿದ್ದು 7.5. ಮೋಸ ಅಲ್ವಾ ಇದು?

ಸೈಟ್_ಮೇಲ್ವಿಚಾರಕಿ
ಒತ್ತಿ ಎಷ್ಟು ದಿನ ಆಗಿತ್ತು ಮೊದಲು ಕೇಳಿ. ಸುಟ್ಟ ಇಟ್ಟಿಗೆ ಗೂಡಿಂದ ಹೊರಬಂದ ದಿನವೇ ತನ್ನ ಪೂರ್ತಿ ಬಲದಲ್ಲಿರುತ್ತೆ. ಸಿಮೆಂಟ್ ಇಟ್ಟಿಗೆ ಹಾಗಲ್ಲ, ಕ್ಯೂರಿಂಗ್ ಆದಂತೆ ಬಲ ಏರುತ್ತೆ, 28 ದಿನದ ಅಂಕಿ ನೋಡ್ಬೇಕು. ವಾರದ ಇಟ್ಟಿಗೆ ಒಡೆದಿದ್ರೆ 4 ಬಂದಿದ್ದಕ್ಕೆ ಮೋಸ ಅನ್ನೋಕಾಗಲ್ಲ. 28 ದಿನ ದಾಟಿದ್ರೆ ಮಾತು ಬೇರೆ.

ಬೂದಿ_ಇಟ್ಟಿಗೆ
ಒತ್ತಿದ ದಿನಾಂಕ ಯಾರೂ ಬರೆದಿಲ್ಲ. ಕೇಳ್ತೀನಿ.

ಕಪ್ಪು_ಹೊಟ್ಟೆ
ಮೂಲ ಚರ್ಚೆಗೆ ಬರೋಣ. ಆ 138ರ ಇಟ್ಟಿಗೆ ಒಡೆದ ಚೂರು ನೋಡಿದ್ರೆ ಗೊತ್ತಾಗ್ತಿತ್ತು. ಒಳಗೆ ಕಪ್ಪಗಿದ್ರೆ ಬೆಂದಿಲ್ಲ, ಅಂಥ ಲೋಡ್ ಪೂರ್ತಿ ವಾಪಸ್ ಕಳಿಸಬೇಕು.

ಗೂಡಿನ_ಮಂದಿ
ಕಪ್ಪಗಿದ್ರ ಬೆಂದಿಲ್ಲ ಅಂತ ಯಾರ್ ಹೇಳಿದ್ರಿ? ಗಾಳಿ ಸಾಲದ ಕಡೆ ಒಳಗಿನ ಇಂಗಾಲ ಪೂರ್ತಿ ಉರೀದ ಉಳೀತೈತಿ, ಅದಕ್ಕ ನಡುವ ಕಪ್ಪು. ಅಂಥಾ ಇಟ್ಟಿಗಿ ಕಬ್ಬಿಣದಂಗ ಗಟ್ಟಿ ಇದ್ದದ್ದೂ ಐತಿ. ಅರೆಬೆಂದದ್ದು ತಿಳಿಗೆಂಪು, ಹಳದಿ ಬಣ್ಣಕ್ಕ ತಿರಗಿರತೈತಿ, ಚೂರು ಬೆರಳಿನಾಗ ಪುಡಿ ಆಗತೈತಿ. ಗೂಡಿನ ಹೊರಮೈ ಸಾಲಿನಾಗ, ಮ್ಯಾಲಿನ ಸಾಲಿನಾಗ ಹಂಗ ಬರತಾವು. ಅದನ್ನ ಬೇರೆ ರಾಶಿ ಹಾಕಬೇಕು, ಕೆಲವರು ಹಾಕಂಗಿಲ್ಲ.

ಪರೀಕ್ಷಾಲಯ_ಮೇಜು
ಇವರ ಮಾತೇ ಸರಿ, ಕಪ್ಪು ಬಣ್ಣ ಒಂದರಿಂದಲೇ ತೀರ್ಪು ಕೊಡೋಕಾಗಲ್ಲ. ಆದ್ರೆ ಚೂರು ನೋಡಿದ್ರೆ ಗೊತ್ತಾಗುತ್ತೆ ಅನ್ನೋದೂ ಸರಿ, ಬೇರೆ ಕಾರಣಕ್ಕೆ.

ಒಂದು ಮೂಲೆ ಮಾತ್ರ ಸಿಡಿದು ಉಳಿದದ್ದು ಹಾಗೇ ಇದ್ರೆ ಭಾರ ಸೊಟ್ಟ ಕೂತಿತ್ತು, ತಪ್ಪು ಪರೀಕ್ಷೆಯದ್ದು. ನಾಲ್ಕೂ ಬದಿ ಉದುರಿ ನಡುವೆ ಸೊಂಟ ಸಣ್ಣಗಾದ ಆಕಾರ ಉಳಿದ್ರೆ ಭಾರ ಸರಿಯಾಗಿ ಕೂತಿತ್ತು, ಇಟ್ಟಿಗೆಯೇ ಅಷ್ಟಕ್ಕೆ ಸೋತಿದೆ. ಅಷ್ಟೇ ಅಲ್ಲ, ಗಾರೆ ಅಂಟದ ಒಂದು ದೊಡ್ಡ ಚೂರು ತೆಗೆದು ಒಲೆಯಲ್ಲಿ ಒಣಗಿಸಿ, ನೆನೆಸಿ, ಹೀರಿಕೆ ಲೆಕ್ಕ ಹಾಕಿ. ಇದು ಅಧಿಕೃತ ಪರೀಕ್ಷೆ ಅಲ್ಲ, ಜಗಳ ಬಿಡಿಸೋಕೆ ಮಾತ್ರ. ಉಳಿದವು 16% ಇದ್ದು ಈ ಚೂರು 22-23% ತೋರಿಸಿದ್ರೆ ಅರೆಬೆಂದದ್ದೇ. ಇದೂ 16%ರ ಹತ್ತಿರ ಬಂದ್ರೆ ಮಿಷನ್ ಕಡೆಗೋ ಒಳಬಿರುಕಿನ ಕಡೆಗೋ ನೋಡಬೇಕು. ಎರಡು ಪರೀಕ್ಷೆಯನ್ನ ಹೀಗೆ ಒಂದಕ್ಕೊಂದು ಸಾಕ್ಷಿ ಮಾಡಬಹುದು.

ಮಾರುವವರು ಮಾಡಿಸಿದ ಪರೀಕ್ಷೆಯ ಚೂರು ಈಗ ಸಿಗಲ್ಲ. ಹೊಸದಾಗಿ ಕೊಡುವಾಗ ಚೂರು ಎಸೆಯಬೇಡಿ, ನಂಬರ್ ಹಾಕಿ ಇಡಿ ಅಂತ ಮೊದಲೇ ಹೇಳಿ.

ಹೊಸಮನೆ_ಕೆಲಸ
ಓವನ್ ಫಲಿತಾಂಶ. ಎರಡೇ ಇಟ್ಟಿಗೆ ಹಿಡೀತು. ಒಂದು 2.948, ಇನ್ನೊಂದು 2.961 ಕೆ.ಜಿ.ಗೆ ನಿಂತಿತು. ನೆನೆಸಿ ತೂಗಿದ್ರೆ 3.421, 3.428. ಹೀರಿಕೆ 16.0 ಮತ್ತು 15.8. ನೀವು ಅಂದಾಜು ಮಾಡಿದ್ದೇ ಬಂತು ಸರ್. ಕೆಸರು ಕೂತಿಲ್ಲ.

ಈಗ ಒತ್ತಡಕ್ಕೆ ನಾನೇ ಕೊಡ್ತೀನಿ. ಐದು ಇಟ್ಟಿಗೆ ಸಾಕಾ?

ಪರೀಕ್ಷಾಲಯ_ಮೇಜು
30 ಸಾವಿರಕ್ಕೆ ಐದು ಕಮ್ಮಿ. ಐಎಸ್ 5454 ಪ್ರಕಾರ 10 ಸಾವಿರದವರೆಗಿನ ರಾಶಿಗೆ ಐದು, 35 ಸಾವಿರದವರೆಗೆ ಹತ್ತು. ಒತ್ತಡಕ್ಕೆ ಹತ್ತು, ಹೀರಿಕೆಗೆ ಬೇರೆ ಹತ್ತು.

ಎಣಿಕೆಗಿಂತ ಮುಖ್ಯ ಎಲ್ಲಿಂದ ಎತ್ತುತ್ತೀರಿ ಅನ್ನೋದು. ಅಂಚಿಂದ ಐದು ಎತ್ತಿದ್ರೆ ಅದು ಅಂಚಿನ ಪರೀಕ್ಷೆ ಅಷ್ಟೇ. ಮಾರುವವರು ಎತ್ತಿಕೊಟ್ರೆ ಅವರ ಕಣ್ಣಿನ ಪರೀಕ್ಷೆ. ಅವರ ವರದಿಯಲ್ಲಿ ಮಾದರಿ ತಂದುಕೊಟ್ಟವರು ಯಾರು ಅಂತ ಇರುತ್ತೆ, ಆ ಸಾಲು ಓದಿ.

ಸೈಟ್_ಮೇಲ್ವಿಚಾರಕಿ
ಕಟ್ಟಿಟ್ಟ ರಾಶಿಯ ಹೊಟ್ಟೆಯಿಂದ ಎತ್ತೋಕೆ ಆಗಲ್ಲ. ಲಾರಿಗೆ ತುಂಬುವಾಗಲೋ ಇಳಿಸುವಾಗಲೋ ನಿಂತು, ಇಂತಿಷ್ಟು ಸಾವಿರಕ್ಕೊಂದು ಅಂತ ಎತ್ತೋದು ಸುಲಭ. ನನ್ನ ಸಲಹೆ: ಮೊದಲು ಒಂದೇ ಲೋಡ್ ತರಿಸಿ, ಅದರಿಂದ ಎತ್ತಿ ಪರೀಕ್ಷಿಸಿ, ಪಾಸಾದ ಮೇಲೆ ಉಳಿದ ಆರ್ಡರ್.

ಗೂಡಿನ_ಮಂದಿ
ಮೊದಲನೇ ಲೋಡ್ ಎಲ್ಲಾರೂ ಆರಿಸೇ ಕಳಸತಾರ್ರೀ. ನಿಮಗ ಬೇಕಾದ್ದು ಮೂರನೇ, ನಾಲ್ಕನೇ ಲೋಡು.

ಸೈಟ್_ಮೇಲ್ವಿಚಾರಕಿ
ಹಾಗಂತ ಪ್ರತಿ ಲೋಡಿಗೂ ಐದು ದಿನ ಕೆಲಸ ನಿಲ್ಲಿಸೋಕಾಗುತ್ತಾ? ಮೊದಲನೇದಕ್ಕೆ ಪೂರ್ತಿ ಪರೀಕ್ಷೆ, ಆಮೇಲಿನವಕ್ಕೆ ಹೀರಿಕೆ ಮಾತ್ರ. ಹೀರಿಕೆ 16ರಿಂದ 19-20ಕ್ಕೆ ಜಿಗಿದ್ರೆ ಸುಡುವಿಕೆ ಬದಲಾಗಿದೆ ಅಂತ ಗೊತ್ತಾಗುತ್ತೆ, ಆಗ ಒತ್ತಡಕ್ಕೆ ಕಳಿಸಿ.

ಪರೀಕ್ಷಾಲಯ_ಮೇಜು
ಒಂದೇ ಗೂಡು, ಒಂದೇ ಮಣ್ಣು ಆದ್ರೆ ಇದು ನಡೆಯುತ್ತೆ. ಮಣ್ಣು ಬದಲಾದ್ರೆ ಹೀರಿಕೆಗೂ ಬಲಕ್ಕೂ ಇದ್ದ ಸಂಬಂಧವೇ ಬದಲಾಗುತ್ತೆ, ಹಳೆಯ 16 ಹೊಸ ಮಣ್ಣಿಗೆ ಅಳತೆಗೋಲಲ್ಲ.

ಗಟ್ಟಿಗೋಡೆ
ಹಾಗಾದ್ರೆ ಹೀರಿಕೆ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು ಅಲ್ವಾ? 8% ಇರೋದು ಹುಡುಕಲಿ.

ಗೂಡಿನ_ಮಂದಿ
ನಮ್ಮ ಥರದ ಕೈ ಇಟ್ಟಿಗಿ 8 ಬಂತಂದ್ರ ಅತಿ ಬೆಂದು ಕರಗಿದ್ದು. ಸೊಟ್ಟ ಇರತಾವು, ಸಾಲು ಕೂಡಂಗಿಲ್ಲ, ಗಾರಿ ಹಿಡಕೊಳ್ಳಂಗಿಲ್ಲ.

ಹೊಸಮನೆ_ಕೆಲಸ
ಸರಿ, ಇಳಿಸುವಾಗ ನಿಂತು ಇಪ್ಪತ್ತು ಎತ್ತುತ್ತೀನಿ. ನಂಬರ್ ಚಾಕ್‌ನಲ್ಲಿ ಬರೆದ್ರೆ ನಡೆಯುತ್ತಾ?

ಪರೀಕ್ಷಾಲಯ_ಮೇಜು
ನೀರಲ್ಲಿ ಅಳಿಸಿ ಹೋಗುತ್ತೆ. ಎನಾಮೆಲ್ ಪೇಂಟ್‌ನಲ್ಲಿ, ತುದಿಯ ಸಣ್ಣ ಮೈಮೇಲೆ ಚಿಕ್ಕದಾಗಿ ಬರೀರಿ. ಹಾಸುಮೈ ಮೇಲೆ ಬೇಡ, ಅದನ್ನ ಉಜ್ಜುತ್ತಾರೆ. ಒಲೆಗೆ ಹಾಕುವ ಮುಂಚೆಯೇ ಬರೆದು ಒಣಗಿಸಿ, ಪೇಂಟ್ ತೂಕ ಎರಡೂ ಕಡೆ ಸೇರಿರುತ್ತೆ.